ಟ್ಯೂಬ್ ಫೀಡ್ ಮತ್ತು ಭೇದಿ: ಪುಡಿ ಡಬ್ಬಿಗಿಂತ ಮೊದಲು ನಾನು ನೋಡಿದ್ದು

ನಾನು ಡಯೆಟಿಷಿಯನ್. ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬನ್ನು ಆಸ್ಪತ್ರೆಯಲ್ಲಿ ಹಾಕಿಸಿಕೊಂಡು ಮನೆಗೆ ಹೋದವರನ್ನೂ ನೋಡುತ್ತೇನೆ. ಅಂಥ ಮನೆಗಳಿಂದ ಹೆಚ್ಚಾಗಿ ಬರುವ ಫೋನ್ ಒಂದೇ: "ಮೇಡಂ, ಲೂಸ್ ಮೋಷನ್ ಆಗ್ತಿದೆ, ಪುಡಿ ಬದಲಾಯಿಸ್ಲಾ?"

ಈ ಸಲ ಫೋನ್ ಮಾಡಿದ್ದು ಒಬ್ಬ ಮಗಳು. ತಂದೆಗೆ 68 ವರ್ಷ. ಪಾರ್ಶ್ವವಾಯು ಆಗಿ ನುಂಗಲು ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನ್ಯುಮೋನಿಯಾ ಬೇರೆ ಬಂದಿತ್ತು, ಆಂಟಿಬಯೋಟಿಕ್ ಮುಗಿದು 8 ದಿನ ಆಗಿತ್ತು. ಮನೆಗೆ ಬಂದ ಮೇಲೆ, ಟ್ಯೂಬಿಗೆ ಕಲಸಿ ಹಾಕುವ ಆಹಾರದ ಪುಡಿಯನ್ನು ಅಷ್ಟರಲ್ಲೇ ಎರಡು ಸಲ ಬದಲಾಯಿಸಿದ್ದರು. ಮೂರನೆಯದನ್ನು ಅರ್ಧ ನೀರು ಮಾಡಿ ಕೊಡುತ್ತಿದ್ದರು, ಹೊಟ್ಟೆಗೆ ಹಗುರ ಆಗಲಿ ಅಂತ. ಹಗುರ ಏನೂ ಆಗಲಿಲ್ಲ. 1500 ಕ್ಯಾಲೊರಿ ಹೋಗಬೇಕಾದ ಕಡೆ 750 ಹೋಗುತ್ತಿತ್ತು, ಭೇದಿ ಹಾಗೇ ಇತ್ತು. ಸರಿಯಾದ ಅಳತೆಯಲ್ಲಿ ಕಲಸಿದ ಸಾಮಾನ್ಯ ಪುಡಿ ಅಷ್ಟೇನೂ ಗಟ್ಟಿ ಇರುವುದಿಲ್ಲ, ಅದಕ್ಕೆ ಮತ್ತೆ ನೀರು ಬೆರೆಸುವ ಅಗತ್ಯವಿಲ್ಲ.

ಮೊದಲ ಪ್ರಶ್ನೆ, ಇದು ನಿಜವಾಗಿ ಭೇದಿಯಾ? ಬರೀ ದ್ರವ ಆಹಾರದಲ್ಲಿರುವವರ ಮಲ ಮೆತ್ತಗೇ ಇರುತ್ತದೆ. ದಿನಕ್ಕೆರಡು ಸಲ ಪೇಸ್ಟ್ ಹಾಗೆ ಹೋದರೆ ನಾನು ಏನೂ ಮುಟ್ಟುವುದಿಲ್ಲ. ಹಾಗಾಗಿ ಅವರಿಗೆ ಒಂದು ದಿನ ಗಂಟೆ ಬರೆದಿಡಲು ಹೇಳಿದೆ, ಡೈಪರ್ ತೂಕ ಮಾಡಲು ಹೇಳಿದೆ. ಒಣ ಡೈಪರ್ ತೂಕ ಕಳೆದರೆ ಉಳಿದದ್ದು ಗೊತ್ತಾಗುತ್ತದೆ. ಮೂತ್ರಕ್ಕೆ ಕ್ಯಾಥೆಟರ್ ಇದ್ದುದರಿಂದ ಲೆಕ್ಕ ಸುಲಭವಾಯಿತು. ಆರು ಸಲ, ನೀರು ನೀರು, ಸುಮಾರು 700 ಗ್ರಾಂ. ಹೌದು, ಭೇದಿಯೇ.

ಮರುದಿನ ಮನೆಗೆ ಹೋದೆ. ಪುಡಿ ಡಬ್ಬಿ ತೋರಿಸಲು ಬಂದರು. "ಅದು ಆಮೇಲೆ, ಮೊದಲು ಔಷಧ ಇಟ್ಟಿರೋ ಟ್ರೇ ತನ್ನಿ" ಅಂದೆ.

ಟ್ರೇನಲ್ಲಿ ಮೂರು ಸಿರಪ್ ಸಿಕ್ಕವು. ಒಂದು ಲ್ಯಾಕ್ಟುಲೋಸ್, ರಾತ್ರಿ 15 ಮಿಲಿ. ಆಸ್ಪತ್ರೆಯಲ್ಲಿ ಮಲಬದ್ಧತೆ ಆದಾಗ ಶುರು ಮಾಡಿದ್ದು, ಡಿಸ್ಚಾರ್ಜ್ ಚೀಟಿಯಲ್ಲಿ ಹಾಗೇ ಉಳಿದಿತ್ತು. ಭೇದಿ ಆಗುತ್ತಿರುವವರಿಗೆ ಎರಡು ವಾರದಿಂದ ಭೇದಿ ಮಾಡಿಸುವ ಔಷಧ ಕೊಡುತ್ತಿದ್ದರು! ಬೈಯ್ಯುವುದಕ್ಕೂ ಆಗಲ್ಲ, ಚೀಟಿಯಲ್ಲಿ ಬರೆದದ್ದನ್ನು ಅವರು ಮಾಡಿದ್ದರು ಅಷ್ಟೇ.

ಎರಡನೆಯದು ಪ್ಯಾರಸಿಟಮಾಲ್ ಸಿರಪ್. ಇಂಥ ಬಹಳಷ್ಟು ಸಿರಪ್‌ಗಳಲ್ಲಿ ಸಿಹಿಗೆ ಸಾರ್ಬಿಟಾಲ್ ಹಾಕಿರುತ್ತಾರೆ. ಕರುಳು ಅದನ್ನು ಪೂರ್ತಿ ಹೀರಿಕೊಳ್ಳುವುದಿಲ್ಲ, ಉಳಿದದ್ದು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಎಷ್ಟು ಗ್ರಾಂ ಇದೆ ಅಂತ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಮೂರು ನಾಲ್ಕು ಸಿರಪ್ ಸೇರಿದರೆ ದಿನದ ಮೊತ್ತ ಚೆನ್ನಾಗಿಯೇ ಏರುತ್ತದೆ.

ಮೂರನೆಯದು ಪೊಟ್ಯಾಸಿಯಂ ಕ್ಲೋರೈಡ್. ಇಲ್ಲೊಂದು ಸುತ್ತು ಇತ್ತು. ಭೇದಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ 3.1ಕ್ಕೆ ಇಳಿದಿತ್ತು. ಅದಕ್ಕೆ ಈ ಸಿರಪ್ ಬರೆದಿದ್ದರು, 15 ಮಿಲಿ, ಮೂರು ಹೊತ್ತು. ಅದನ್ನು ನೀರು ಬೆರೆಸದೆ ನೇರ ಟ್ಯೂಬಿಗೆ ಹಾಕುತ್ತಿದ್ದರು. ಇದು ಎಷ್ಟು ಗಟ್ಟಿ ದ್ರಾವಣ ಅಂದರೆ ಫೀಡ್ ಅದರ ಮುಂದೆ ಏನೂ ಅಲ್ಲ. ಕರುಳಿಗೆ ಬಿದ್ದ ಕೂಡಲೇ ನೀರು ಸುರಿಯುತ್ತದೆ, ಭೇದಿ ಹೆಚ್ಚುತ್ತದೆ, ಪೊಟ್ಯಾಸಿಯಂ ಮತ್ತೆ ಇಳಿಯುತ್ತದೆ.

ಔಷಧ ನಿಲ್ಲಿಸುವುದು ನನ್ನ ಕೆಲಸ ಅಲ್ಲ. ಅಲ್ಲಿಂದಲೇ ಅವರ ಡಾಕ್ಟರಿಗೆ ಫೋನ್ ಮಾಡಿದೆ. ಲ್ಯಾಕ್ಟುಲೋಸ್ ನಿಲ್ಲಿಸಿದರು. ಪ್ಯಾರಸಿಟಮಾಲನ್ನು ಮಾತ್ರೆ ಪುಡಿ ಮಾಡಿ ಕೊಡಲು ಹೇಳಿದರು. (ಎಲ್ಲ ಮಾತ್ರೆಯನ್ನೂ ಹೀಗೆ ಪುಡಿ ಮಾಡಬಾರದು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆ ಪುಡಿಯಾದರೆ ಇಡೀ ದಿನದ ಔಷಧ ಒಮ್ಮೆಗೇ ಒಳಗೆ ಹೋಗುತ್ತದೆ.) ಪೊಟ್ಯಾಸಿಯಂ ಬೇಕೇ ಬೇಕಿತ್ತು, ಅದನ್ನು 100 ಮಿಲಿ ನೀರಿನಲ್ಲಿ ಬೆರೆಸಿ ನಿಧಾನಕ್ಕೆ ಕೊಡಿ ಅಂದರು. ಆಂಟಿಬಯೋಟಿಕ್ ಆದ ಮೇಲೆ ಬರುವ ಸಿ. ಡಿಫಿಸಿಲ್ ಸೋಂಕಿನ ಸಂಶಯಕ್ಕೆ ಮಲದ ಪರೀಕ್ಷೆಯನ್ನೂ ಬರೆದರು. ಆ ವರದಿ ಬರುವ ತನಕ ಭೇದಿ ನಿಲ್ಲಿಸುವ ಮಾತ್ರೆ ಬೇಡ ಅಂತ ನಿರ್ಧಾರವಾಯಿತು. ಆ ಸೋಂಕಿದ್ದರೆ ಕರುಳನ್ನು ಕಟ್ಟಿಹಾಕುವುದು ಅಪಾಯ. ನರ್ಸ್ ಬಂದು ಗುದದಲ್ಲಿ ಗಟ್ಟಿ ಮಲ ಸಿಕ್ಕಿಕೊಂಡಿಲ್ಲ ಅಂತಲೂ ನೋಡಿದರು. ಸಿಕ್ಕಿಕೊಂಡಿದ್ದರೆ ಅದರ ಪಕ್ಕದಿಂದ ನೀರು ಮಾತ್ರ ಜಾರಿ, ಭೇದಿ ಹಾಗೆ ಕಾಣುತ್ತದೆ.

ಆಮೇಲೆ ಅಡುಗೆಮನೆ. ಅಲ್ಲಿ ಒಂದು ಸ್ಟೀಲ್ ಫ್ಲಾಸ್ಕ್ ಕಂಡಿತು. ಬೆಳಿಗ್ಗೆ 6ಕ್ಕೆ ರಾಗಿ ಗಂಜಿ, ಹಾಲು, ಪುಡಿ ಎಲ್ಲ ಸೇರಿಸಿ ಬೆಚ್ಚಗೆ ಕಲಸಿ ಅದರಲ್ಲಿ ತುಂಬುತ್ತಿದ್ದರು. ಸಂಜೆ 4ರ ಫೀಡ್ ಕೂಡ ಅದರಿಂದಲೇ. "ಬಿಸಿ ಆರಬಾರದು ಅಂತ ಮೇಡಂ" ಅಂದರು ಮಗಳು. ಪ್ರೀತಿಯಿಂದ ಮಾಡಿದ್ದು. ಆದರೆ ಹತ್ತು ಗಂಟೆ ಉಗುರುಬೆಚ್ಚಗಿರುವ ಹಾಲು ಗಂಜಿ ಅಂದರೆ ಮೊಸರಿಗೆ ಹೆಪ್ಪು ಹಾಕಿ ಇಟ್ಟಂತೆಯೇ, ಹೆಪ್ಪು ಯಾವುದು ಅನ್ನೋದು ಮಾತ್ರ ಗೊತ್ತಿಲ್ಲ.

ಮಿಕ್ಸಿ ಜಾರಿನ ಬ್ಲೇಡ್ ಬಿಚ್ಚಿಸಿದೆ. ಕೆಳಗಿನ ರಬ್ಬರ್ ರಿಂಗ್ ಹುಳಿ ವಾಸನೆ ಹೊಡೆಯುತ್ತಿತ್ತು. 50 ಮಿಲಿ ಸಿರಿಂಜನ್ನು ನೀರಲ್ಲಿ ಒಮ್ಮೆ ಅಲ್ಲಾಡಿಸಿ ಲೋಟದಲ್ಲಿ ಮುಳುಗಿಸಿಟ್ಟಿದ್ದರು, ಒಳಗೆ ಬಿಳಿ ಪದರ. ಡೈಪರ್ ಬದಲಿಸುವವರೂ ಫೀಡ್ ಕೊಡುವವರೂ ಒಬ್ಬರೇ ಅಟೆಂಡರ್. ಕೈ ತೊಳೆಯುತ್ತಿದ್ದರು, ಸೋಪಿಲ್ಲದೆ.

ಫ್ಲಾಸ್ಕನ್ನು ಅವತ್ತೇ ತೆಗೆಸಿದೆ. ಗಂಜಿ ಮತ್ತು ಹಾಲನ್ನು ಸದ್ಯಕ್ಕೆ ಬಿಡಿಸಿದೆ, ಭೇದಿಯ ಕರುಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದು ಕಷ್ಟ. ಲ್ಯಾಕ್ಟೋಸ್ ಇಲ್ಲದ ಪುಡಿ ಮನೆಯಲ್ಲೇ ಇತ್ತು. ಅದನ್ನು ಕುದಿಸಿ ಆರಿಸಿದ ನೀರಿನಲ್ಲಿ, ಡಬ್ಬಿಯಲ್ಲಿ ಬರೆದ ಅಳತೆಗೆ, ಆಯಾ ಹೊತ್ತಿಗೆ ಕಲಸುವುದು ಅಂತ ಮಾಡಿದೆವು. ಕಲಸಿದ್ದು ಹೊರಗೆ 4 ಗಂಟೆಗಿಂತ ಹೆಚ್ಚು ಹೊತ್ತು ಇದ್ದರೆ ಚೆಲ್ಲಬೇಕು. ಫೀಡ್ ಮುಗಿದ ಕೂಡಲೇ ಸಿರಿಂಜಿನ ಪಿಸ್ಟನ್ ಬಿಚ್ಚಿ ಸೋಪಿನಲ್ಲಿ ತೊಳೆದು, ಬಿಸಿನೀರು ಹುಯ್ದು, ಒಣ ಬಟ್ಟೆ ಮೇಲೆ ಒಣಗಿಸಬೇಕು.

ಕೊಡುವ ರೀತಿಯಲ್ಲೂ ಒಂದು ತೊಂದರೆ ಇತ್ತು. 300 ಮಿಲಿಯನ್ನು ಪಿಸ್ಟನ್ ಒತ್ತಿ ಐದು ನಿಮಿಷದಲ್ಲಿ ಮುಗಿಸುತ್ತಿದ್ದರು, ದಿನಕ್ಕೆ ಐದು ಸಲ. ಅದನ್ನು 200 ಮಿಲಿಯ ಏಳು ಫೀಡ್ ಮಾಡಿದೆ. ಫೀಡಿಂಗ್ ಬ್ಯಾಗ್ ತೂಗುಹಾಕಿ ಮುಕ್ಕಾಲು ಗಂಟೆಯಲ್ಲಿ ಹನಿಹನಿಯಾಗಿ ಇಳಿಸಿದರು. ತಲೆಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು. ಫೀಡ್ ನಿಲ್ಲಿಸಲಿಲ್ಲ. ಕಳೆದುಹೋದ ನೀರಿಗೆ ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಒಆರ್‌ಎಸ್ ಟ್ಯೂಬಿನಲ್ಲೇ ಹೋಯಿತು. ಜ್ವರ, ಮಲದಲ್ಲಿ ರಕ್ತ, ಹೊಟ್ಟೆ ಉಬ್ಬರ, ಮೂತ್ರ ಕಡಿಮೆ ಆಗುವುದು, ಮಂಪರು, ಇದರಲ್ಲಿ ಒಂದು ಕಂಡರೂ ನನಗೆ ಫೋನ್ ಮಾಡುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ ಅಂತ ಹೇಳಿ ಬಂದೆ.

ಮಲದ ವರದಿಯಲ್ಲಿ ಸಿ. ಡಿಫಿಸಿಲ್ ಇರಲಿಲ್ಲ. ಮೂರನೇ ದಿನ ಆರು ಸಲ ಇದ್ದದ್ದು ಮೂರಕ್ಕೆ ಬಂತು. ಆರನೇ ದಿನ ಎರಡು, ಪೇಸ್ಟ್ ಹಾಗೆ. ಸಿರಪ್‌ನಿಂದ ಎಷ್ಟು, ಫ್ಲಾಸ್ಕ್‌ನಿಂದ ಎಷ್ಟು ಅಂತ ಬಿಡಿಸಿ ಹೇಳಲಾರೆ, ಎರಡನ್ನೂ ಒಂದೇ ದಿನ ಸರಿ ಮಾಡಿದೆವು. ಸಾಮಾನ್ಯವಾಗಿ ನಾನು ಒಂದೊಂದೇ ಬದಲಾಯಿಸುತ್ತೇನೆ. ಆದರೆ ಕೆಟ್ಟ ಫೀಡ್ ಕಣ್ಣಿಗೆ ಬಿದ್ದ ಮೇಲೆ ಕಾಯಲು ಆಗುವುದಿಲ್ಲ ಅಲ್ವಾ? ಆಮೇಲೆ ಫೀಡನ್ನು 250 ಮಿಲಿಯ ಆರಕ್ಕೆ ಏರಿಸಿದೆ, ಮತ್ತೆ 1500 ಕ್ಯಾಲೊರಿ ಸಿಕ್ಕಿತು. ಪೊಟ್ಯಾಸಿಯಂ 3.9ಕ್ಕೆ ಬಂದ ಮೇಲೆ ಡಾಕ್ಟರ್ ಆ ಸಿರಪ್ಪನ್ನೂ ನಿಲ್ಲಿಸಿದರು.

ಎರಡು ವಾರ ಆದ ಮೇಲೆ ಮತ್ತೆ ಫೋನ್ ಬಂತು. "ಮೇಡಂ, ಮೂರು ದಿನದಿಂದ ಮೋಷನ್ನೇ ಆಗಿಲ್ಲ."