ಮಂಜನ ವಾಟೆ: ಕಾಯುವುದನ್ನು ಕಥೆಯಾಗಿಸಿದ ಬಗೆ

ಮಾವಿನ ವಾಟೆ ನೆಟ್ಟ ಮಗು ತಾಳ್ಮೆ ಕಲಿಯುತ್ತದೆ ಎಂಬ ಕಥೆಯಲ್ಲಿ ಒಂದು ತೊಡಕಿದೆ. ವಾಟೆಯಿಂದ ಬಂದ ಮಾವು ಹಣ್ಣು ಬಿಡಲು ಆರೇಳು ವರ್ಷವಂತೂ ಬೇಕು, ಹತ್ತಾದರೂ ಆಯಿತು. ಎರಡನೇ ತರಗತಿಯ ಹುಡುಗ ಅಷ್ಟರಲ್ಲಿ ಹೈಸ್ಕೂಲು ಸೇರಿರುತ್ತಾನೆ, ದಾಟಿದರೂ ದಾಟಿರುತ್ತಾನೆ. 'ಹತ್ತು ವರ್ಷ ಕಳೆಯಿತು, ಮರದ ತುಂಬ ಹಣ್ಣು' ಎಂದು ಒಂದೇ ಸಾಲಿನಲ್ಲಿ ಹಾರಿಬಿಟ್ಟರೆ ಓದುವ ಮಗು ಏನನ್ನೂ ಕಾಯಲಿಲ್ಲ, ಕಥೆಗಾರ ಕಾಯಿಸಲೂ ಇಲ್ಲ. ಹಾಗಾಗಿ ಮಕ್ಕಳಿಗಾಗಿ ಬರೆದ 'ಮಂಜನ ವಾಟೆ' ಕಥೆಯನ್ನು ನಾನು ಜೂನ್‌ನಿಂದ ದಸರಾ ರಜೆಯವರೆಗಿನ ನಾಲ್ಕು ತಿಂಗಳಿಗೆ ಕಟ್ಟಿಹಾಕಿದೆ. ಹಣ್ಣಿನ ಮಾತೇ ಬರುವುದಿಲ್ಲ. ಏಳು ವರ್ಷದ ಮಂಜ, ಅವನ ಅಜ್ಜಿ, ಅಕ್ಕ, ರಾಮನಗರದ ಕಡೆಯ ಒಂದು ಮನೆಯ ಹಿತ್ತಲು, ತಳಕ್ಕೆ ತೂತು ಹೊಡೆದ ಹಳೆಯ ಪೇಂಟ್ ಡಬ್ಬ. ಇಷ್ಟೇ ಸಾಮಗ್ರಿ.

'ತಾಳ್ಮೆ' ಎಂಬ ಪದವನ್ನು ಕಥೆಯಲ್ಲಿ ಎಲ್ಲೂ ಬಳಸಬಾರದು ಎಂಬುದು ಬರೆಯುವ ಮೊದಲೇ ಮಾಡಿಕೊಂಡ ತೀರ್ಮಾನ. ಅಜ್ಜಿಯ ಬಾಯಲ್ಲೂ ಅದು ಬರಕೂಡದು. ಮಂಜ ಬದಲಾದದ್ದು ಅವನ ಕೈಯಲ್ಲಿ ಕಾಣಬೇಕು. ಮೊದಲ ಪುಟದಲ್ಲಿ ಮಣ್ಣು ಕೆದಕುವ ಕೈ, ಕೊನೆಯ ಪುಟದಲ್ಲಿ ಬೆರಳಿಟ್ಟು ತೇವ ನೋಡಿ ಸುಮ್ಮನೆ ಹಿಂದಕ್ಕೆ ಬರಬೇಕು. ನಡುವೆ ಆ ಕೈಗೆ ಮೂರು ಸಲ ಪರೀಕ್ಷೆ. ಮೂರನ್ನೂ ನಾನು ಕಲ್ಪಿಸಬೇಕಾಗಿರಲಿಲ್ಲ, ಮಾವಿನ ಸಸಿಯೇ ಕೊಡುತ್ತದೆ.

ಮೊದಲನೆಯದು ಮಣ್ಣಿನೊಳಗಿನ ಕಾಯುವಿಕೆ. ರಸಪುರಿ ತಿಂದ ವಾಟೆಯನ್ನು ಅಜ್ಜಿ ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ, ಅಂಚನ್ನು ಕತ್ತರಿಸಿ ಹೊರಚಿಪ್ಪು ಬಿಡಿಸುತ್ತಾಳೆ. ಒಳಗಿನ ಬೀಜ ಗಟ್ಟಿಯಾಗಿ, ಕಪ್ಪುಕಲೆ ಇಲ್ಲದೆ ಇರಬೇಕು. ತೂತು ಕಂಡರೆ ವಾಟೆಹುಳು ಆಗಲೇ ತಿಂದು ಮುಗಿಸಿದೆ ಎಂದರ್ಥ. ಮಾವಿನ ಬೀಜ ಒಣಗಿದರೆ ಸಾಯುತ್ತದೆ, ರಾಗಿ, ಅವರೆಯ ಹಾಗೆ ಎತ್ತಿಟ್ಟು ಮುಂದಿನ ವರ್ಷ ಬಿತ್ತಲು ಬರುವುದಿಲ್ಲ. ಆದ್ದರಿಂದ ಹಣ್ಣಿನ ಕಾಲದಲ್ಲೇ, ಶಾಲೆ ಶುರುವಾದ ವಾರದಲ್ಲೇ ನೆಡುವುದು. ಬಾಗಿದ ಉಬ್ಬು ಅಂಚು ಮೇಲಕ್ಕೆ, ಮೇಲೆ ಒಂದಂಗುಲ ಮಣ್ಣು. ಅಜ್ಜಿ ಎರಡು ವಾಟೆ ಹಾಕುತ್ತಾಳೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಕಥೆಗೆ ಆ ಎರಡನೇ ವಾಟೆ ಬೇಕೇ ಬೇಕು.

ಚಿಪ್ಪು ಬಿಡಿಸಿದ ಬೀಜ ಮೊಳೆಯಲು ಎರಡು ಮೂರು ವಾರ. ಚಿಪ್ಪಿನೊಂದಿಗೇ ನೆಟ್ಟರೆ ಇನ್ನೂ ತಡ. ಮಂಜ ನಾಲ್ಕನೇ ದಿನದಿಂದಲೇ ಕಾಯಲಾರ. ಒಂದು ಸಂಜೆ ತೆಂಗಿನ ಕಡ್ಡಿಯಿಂದ ಕೆದಕಿ ಒಂದು ವಾಟೆ ಎತ್ತುತ್ತಾನೆ. ಅದರಿಂದ ಬಿಳಿ ಬೇರು ಹೊರಟು ಕೆಳಗಿಳಿದಿರುತ್ತದೆ, ಎಳೆದ ರಭಸಕ್ಕೆ ಅದು ಪಟ್ಟನೆ ಮುರಿಯುತ್ತದೆ. ಈ ಜಾಗವನ್ನು ನಾನು ನಿಧಾನವಾಗಿ ಬರೆದೆ:

'ಮೇಲೆ ಏನೂ ಬಂದಿರಲಿಲ್ಲ. ಕೆಳಗೆ ಮಾತ್ರ ಬೆರಳುದ್ದದ ಬಿಳಿ ಬೇರು. ಮಂಜನ ಅಂಗೈಲಿ ಅದರ ತುದಿ ಬೇರೆ, ವಾಟೆ ಬೇರೆ. "ಅದು ಕೆಳಗಡೆ ಕೆಲ್ಸ ಮಾಡ್ತಾ ಇತ್ತು ಕಣೋ," ಅಂದಳು ಅಜ್ಜಿ.'

ಅಜ್ಜಿ ಇಲ್ಲಿ ಬೈಯಬಾರದು. ಬೈದರೆ ಮಗು ಓದುವಾಗ ತಪ್ಪನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ, ಬೇರನ್ನು ಮರೆಯುತ್ತದೆ. ಮಾವು ಮೊದಲು ಬೇರಿಳಿಸಿ ಆಮೇಲೆ ತಲೆ ಎತ್ತುತ್ತದೆ ಎಂಬ ಸಂಗತಿಯೇ ಇಡೀ ಕಥೆಯ ಕೀಲು.

ಎರಡನೆಯದು ಮಕ್ಕಳನ್ನಷ್ಟೇ ಅಲ್ಲ, ದೊಡ್ಡವರನ್ನೂ ಮೋಸಗೊಳಿಸುವಂಥದ್ದು. ಉಳಿದ ವಾಟೆಯಿಂದ ಸಸಿ ಬರುತ್ತದೆ. ಅದರ ಎಳೆಯ ಎಲೆಗಳು ತಾಮ್ರದ ಕೆಂಪು ಬಣ್ಣ, ಒದ್ದೆ ಬಟ್ಟೆಯಂತೆ ಜೋತು ಬಿದ್ದಿರುತ್ತವೆ. ಸಸಿ ಬಾಡಿತು ಎಂದು ಮಂಜ ಚೊಂಬಿನ ಮೇಲೆ ಚೊಂಬು ನೀರು ಸುರಿಯುತ್ತಾನೆ. ಮಳೆಗಾಲದಲ್ಲಿ ಹೀಗೆ ಸುರಿದರೆ ಡಬ್ಬದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ನಿಜವಾಗಿ ಬಾಡಿದ ಗಿಡವನ್ನು ಗುರುತಿಸುವುದು ಕಷ್ಟವಲ್ಲ: ಹಳೆಯ ಹಸಿರೆಲೆಗಳೂ ಸೊರಗುತ್ತವೆ, ಅಂಚು ಒಣಗುತ್ತದೆ, ಬೆರಳಿನ ಒಂದು ಗೆಣ್ಣು ಮಣ್ಣಿಗಿಳಿಸಿದರೆ ತೇವ ಸಿಗುವುದಿಲ್ಲ. ಮಂಜನ ಡಬ್ಬದಲ್ಲಿ ಬೆರಳಿಗೆ ಕೆಸರೇ ಹತ್ತುತ್ತದೆ. ಅಜ್ಜಿ ತೂತಿಗೆ ಕಡ್ಡಿ ಹಾಕಿ ನೀರು ಇಳಿಸುತ್ತಾಳೆ, ಅಷ್ಟೇ. ಎರಡು ಮೂರು ವಾರದಲ್ಲಿ ಎಲೆ ತಾನಾಗಿ ಹಸಿರಾಗಿ ಬಿಗಿಯುತ್ತದೆ.

ಇದರ ನಂತರ ಬರುವ ಖಾಲಿ ಕಾಲವೇ ಬರೆಯಲು ಅತಿ ಕಷ್ಟ. ಮಾವು ದಿನವೂ ಇಷ್ಟಿಷ್ಟು ಬೆಳೆಯುವ ಗಿಡವಲ್ಲ. ಒಂದು ಸಲ ಚಿಗುರುತ್ತದೆ, ಎಲೆ ಬಲಿಯುತ್ತದೆ, ಆಮೇಲೆ ವಾರಗಟ್ಟಲೆ ತುದಿಮೊಗ್ಗು ಮುಚ್ಚಿಕೊಂಡು ಸುಮ್ಮನಿರುತ್ತದೆ. ಮತ್ತೆ ಚಿಗುರು. 'ದಿನಗಳು ಉರುಳಿದವು' ಎಂದು ಬರೆದರೆ ಆ ನಿಲುಗಡೆ ಓದುಗರಿಗೆ ತಟ್ಟುವುದಿಲ್ಲ. ಪುಟಗಟ್ಟಲೆ ಬರೆದರೆ ಮಗು ಪುಸ್ತಕ ಮುಚ್ಚುತ್ತದೆ. ಅದಕ್ಕೆ ಡಬ್ಬದ ಅಂಚಿಗೆ ಒಂದು ತೆಂಗಿನ ಕಡ್ಡಿ ಸಿಕ್ಕಿಸಿದೆ. ಪ್ರತಿ ಭಾನುವಾರ ಮಂಜ ಸಸಿಯ ತುದಿಗೆ ಸರಿಯಾಗಿ ಕಡ್ಡಿಗೆ ಉಗುರಿನಿಂದ ಗೀರು ಹಾಕುತ್ತಾನೆ. ಗೀರಿನ ಮೇಲೆ ಗೀರು ಬೀಳುತ್ತದೆ, ಭೀಮನ ಅಮಾವಾಸ್ಯೆ ಕಳೆದರೂ ಅದೇ ಗೀರು. ಒಂದು ವಾರ ಅವನು ಗೀರು ಹಾಕುವುದನ್ನೇ ಮರೆತು ಗೋಲಿ ಆಡಲು ಹೋಗುತ್ತಾನೆ. ಆ ಮರೆವು ನನಗೆ ಮುಖ್ಯ. ಮಗು ಕಾಯುವುದನ್ನು ಕಲಿಯುವುದು ಕಣ್ಣು ನೆಟ್ಟು ಕೂತಲ್ಲಲ್ಲ, ಗಿಡವನ್ನು ಅದರ ಪಾಡಿಗೆ ಬಿಟ್ಟು ತನ್ನ ಆಟಕ್ಕೆ ಹೋದಾಗ. ಮುಂದಿನ ಭಾನುವಾರ ಕಡ್ಡಿಯ ಗೀರನ್ನು ದಾಟಿ ಸಸಿಯ ಹೊಸ ಕೆಂಪು ಚಿಗುರು ಎದ್ದಿರುತ್ತದೆ, ಈ ಸಲ ಅವನು ನೀರಿನ ಚೊಂಬಿಗೆ ಓಡುವುದಿಲ್ಲ.

ಮೂರನೆಯದು ಗೌರಿ ಹಬ್ಬದ ಹೊತ್ತಿಗೆ. ಬೆಳಗ್ಗೆ ನೋಡಿದರೆ ಹೊಸ ಎಲೆಗಳು ತೊಟ್ಟಿನ ಹತ್ತಿರ ನೆಟ್ಟಗೆ ಕತ್ತರಿಸಿ ಕೆಳಗೆ ಬಿದ್ದಿವೆ. 'ಅಕ್ಕನೇ ಕತ್ತರೀಲಿ ಕತ್ತರಿಸವ್ಳೆ ಕಣಜ್ಜಿ!' ಜಗಳ ಆಗುತ್ತದೆ. ಅಪರಾಧಿ ಅಕ್ಕಿಕಾಳಿನಷ್ಟು ದೊಡ್ಡದಾದ ಒಂದು ಮೂತಿಹುಳು. ಹೆಣ್ಣುಹುಳು ಎಳೆಯ ಎಲೆಯಲ್ಲಿ ಮೊಟ್ಟೆಯಿಟ್ಟು, ಆ ಎಲೆಯನ್ನೇ ಕತ್ತರಿಸಿ ಕೆಡವುತ್ತದೆ. ಬಿದ್ದ ಎಲೆಯೊಳಗೆ ಮರಿ ಬೆಳೆದು ಮಣ್ಣಿಗಿಳಿದು ಕೋಶವಾಗುತ್ತದೆ. ಆದ್ದರಿಂದ ಔಷಧಕ್ಕಿಂತ ಮೊದಲು ಮಾಡಬೇಕಾದ್ದು ಬಿದ್ದ ಎಲೆಗಳನ್ನು ಆಯ್ದು ಸುಡುವುದು. ಕೆದಕಿ ಬೇರು ಮುರಿದ ಕೈಗೆ ಈಗ ಮಾಡಲು ಒಂದು ಸರಿಯಾದ ಕೆಲಸ ಸಿಗುತ್ತದೆ: ದಿನಾ ಬೆಳಗ್ಗೆ ಎಲೆ ಆಯುವುದು. ಅಕ್ಕನೂ ಜೊತೆಗೆ ಕೂರುತ್ತಾಳೆ. ಬಲಿತ ಹಳೆಯ ಎಲೆಗಳನ್ನು ಈ ಹುಳು ಮುಟ್ಟುವುದಿಲ್ಲ, ಸಸಿ ಸಾಯುವುದಿಲ್ಲ, ಮುಂದಿನ ಚಿಗುರಿಗೆ ಕಾಯಬೇಕಷ್ಟೇ. ದಸರಾ ರಜೆಯಲ್ಲಿ ಆ ಚಿಗುರು ಬಂದಲ್ಲಿಗೆ ಕಥೆ ನಿಲ್ಲುತ್ತದೆ.

ರಸಪುರಿಯ ವಾಟೆ ಎಂದ ಮೇಲೆ ಮಗು ಕೇಳುವ ಪ್ರಶ್ನೆಯೊಂದಿದೆ, 'ಇದ್ರಲ್ಲೂ ರಸಪುರೀನೇ ಬಿಡ್ತದಾ?' ಅಜ್ಜಿ ಹೌದು ಎನ್ನುವಂತಿಲ್ಲ. ಈ ತಳಿಯ ವಾಟೆಯಿಂದ ತಾಯಿಮರದ ಗುಣ ಹಾಗೇ ಬರುವುದಿಲ್ಲ, ಅದಕ್ಕೇ ನರ್ಸರಿಯವರು ಕಸಿ ಕಟ್ಟುತ್ತಾರೆ. ಅಜ್ಜಿ ಹೇಳುವುದು ಒಂದೇ ಮಾತು: 'ಬಿಟ್ಟಾಗ ನೋಡಣ.'

ಚಿತ್ರ ಬರೆಯುವವರಿಗೆ ಬೇರೆಯೇ ಟಿಪ್ಪಣಿ ಕೊಡಬೇಕಾಗುತ್ತದೆ. ಮೊಳಕೆ ಎಂದೊಡನೆ ಹೆಚ್ಚಿನವರು ಅವರೆಕಾಳಿನಂತೆ ಎರಡು ದುಂಡು ಹಸಿರು ದಳ ಬಿಡಿಸುತ್ತಾರೆ. ಮಾವಿನ ಬೀಜದಳಗಳು ಮಣ್ಣಿನೊಳಗೇ ಉಳಿಯುತ್ತವೆ. ಮೇಲೆ ಬರುವುದು ಕೆಂಗಂದು ಬಣ್ಣದ ಬೋಳು ಕಡ್ಡಿ, ಅದರ ತುದಿಯಲ್ಲಿ ಉದ್ದನೆಯ ಜೋತ ಎಲೆಗಳ ಗೊಂಚಲು. ಕತ್ತರಿಸಿದ ಎಲೆಗಳ ಪುಟದಲ್ಲಿ ಅಂಚು ಹರಿದಂತೆ ಇರಬಾರದು, ನೇರ ಗೆರೆ ಇರಬೇಕು, ಇಲ್ಲದಿದ್ದರೆ ಮಂಜ ಅಕ್ಕನ ಮೇಲೆ ಯಾಕೆ ಅನುಮಾನಪಟ್ಟ ಎಂಬುದೇ ಮಕ್ಕಳಿಗೆ ಗೊತ್ತಾಗುವುದಿಲ್ಲ.