ಹಳೆಯ ಕೌಂಟರಿಗೆ ಜಿಪಿಎಸ್ ಪಲ್ಸಿನ ಆಧಾರ: ನನ್ನ ಅನುಭವ

ಸೆಕೆಂಡಿಗೊಂದು ಪಲ್ಸ್ ಕೊಡುವ, ಒಂಬೈನೂರು ರೂಪಾಯಿಯ ಜಿಪಿಎಸ್ ಮಾಡ್ಯೂಲನ್ನು ಆಧಾರವಾಗಿಟ್ಟುಕೊಂಡು ಫ್ರೀಕ್ವೆನ್ಸಿ ಕೌಂಟರನ್ನು ಕ್ಯಾಲಿಬ್ರೇಟ್ ಮಾಡುತ್ತೇನೆಂದಾಗ ನಮ್ಮ ಹ್ಯಾಮ್ ರೇಡಿಯೋ ಬಳಗದ ಹಿರಿಯರೊಬ್ಬರು, "ಆ ಪಲ್ಸೇ ಇಪ್ಪತ್ತು ನ್ಯಾನೋಸೆಕೆಂಡ್ ಅಲುಗಾಡುತ್ತದೆ, ಅದನ್ನು ನಂಬಿ ಸ್ಕ್ರೂ ತಿರುಗಿಸುತ್ತೀರಾ?" ಎಂದು ನಕ್ಕಿದ್ದರು. ಮೂರು ತಿಂಗಳಿನಿಂದ ನನ್ನ ಕೌಂಟರಿನ ದೋಷ ಅರ್ಧ ಪಿಪಿಬಿಯೊಳಗೇ, ಅಂದರೆ ನೂರು ಕೋಟಿಯಲ್ಲಿ ಅರ್ಧ ಪಾಲಿನೊಳಗೇ ನಿಂತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಮಾರು 6,500 ರೂಪಾಯಿಗೆ ಕೊಂಡ, 10 ಮೆಗಾಹರ್ಟ್ಸ್ ಓವನ್ ಆಸಿಲೇಟರ್, ಅಂದರೆ ಹರಳನ್ನು ಒಂದೇ ಶಾಖದಲ್ಲಿಡುವ ಆಸಿಲೇಟರ್ ಮತ್ತು ಅದನ್ನು ಹೊಂದಿಸುವ ಸ್ಕ್ರೂ ಇರುವ ಹಳೆಯ ಕೌಂಟರ್ ಇದು. ಮೊದಲು ಇದನ್ನು ಒಂದು ಲ್ಯಾಬಿಗೆ ಕೊಟ್ಟು, ನಾಲ್ಕು ಸಾವಿರದಷ್ಟು ತೆತ್ತು, ಸ್ಟಿಕರ್ ಅಂಟಿಸಿಕೊಂಡು ಬಂದಿದ್ದೆ. ಅಲ್ಲಿ ಅರ್ಧ ಗಂಟೆ ಮಾತ್ರ ಬಿಸಿ ಮಾಡಿ ಹೊಂದಿಸಿದ್ದರೆಂದು ವಿಚಾರಿಸಿದಾಗ ತಿಳಿಯಿತು. ಮನೆಯಲ್ಲಿ ವಾರವಿಡೀ ಚಾಲೂ ಇಟ್ಟು ನೋಡಿದರೆ 12 ಪಿಪಿಬಿ ಹೆಚ್ಚು. ಓವನ್ ಬಿಸಿಯಾಗುವುದಕ್ಕೆ ಅರ್ಧ ಗಂಟೆ ಸಾಕಾಗಬಹುದು. ಆದರೆ ಕರೆಂಟು ತೆಗೆದಿಟ್ಟಿದ್ದ ಹರಳು ತನ್ನ ಹಳೆಯ ನೆಲೆಗೆ ಮರಳಲು ದಿನಗಳೇ ಬೇಕು, ಕೆಲವೊಮ್ಮೆ ಪೂರ್ತಿ ಮರಳುವುದೂ ಇಲ್ಲ.

ನನ್ನ ಕ್ರಮ ಸರಳ. ಮಾಡ್ಯೂಲಿನ ಒಂದು ಸೆಕೆಂಡಿನ ಪಲ್ಸಿನಿಂದ ಆಸಿಲೋಸ್ಕೋಪನ್ನು ಟ್ರಿಗರ್ ಮಾಡಿ, ಎರಡನೆಯ ಚಾನೆಲ್ಲಿನಲ್ಲಿ ಕೌಂಟರಿನ 10 ಮೆಗಾಹರ್ಟ್ಸನ್ನು ನೋಡುವುದು. ಅಲೆ ಎಡಕ್ಕೆ ಸರಿದರೆ ಆಸಿಲೇಟರ್ ವೇಗವಾಗಿದೆ, ಬಲಕ್ಕೆ ಸರಿದರೆ ನಿಧಾನವಾಗಿದೆ. ಒಂದು ಆವರ್ತ ನೂರು ನ್ಯಾನೋಸೆಕೆಂಡ್ ಆದ್ದರಿಂದ, ಅಲೆ ಒಂದು ಪೂರ್ತಿ ಆವರ್ತ ಸರಿಯಲು ನೂರು ಸೆಕೆಂಡ್ ತೆಗೆದುಕೊಂಡರೆ ದೋಷ 1 ಪಿಪಿಬಿ. ಲ್ಯಾಬಿನಿಂದ ಬಂದ ಕೌಂಟರಿನಲ್ಲಿ ಅದು ಎಂಟು ಸೆಕೆಂಡಿಗೊಮ್ಮೆ ಸರಿಯುತ್ತಿತ್ತು.

ಹಿರಿಯರ ಆಕ್ಷೇಪ ಸುಳ್ಳೇನಲ್ಲ. ಪಲ್ಸು ಅಲುಗಾಡುವುದಷ್ಟೇ ಅಲ್ಲ, ಕೆಲವು ನಿಮಿಷ ಒಂದೇ ಕಡೆಗೆ ವಾಲಿಕೊಂಡು ನಮ್ಮನ್ನು ದಾರಿ ತಪ್ಪಿಸುತ್ತದೆ. ಎರಡು ನಿಮಿಷ ನೋಡಿ ಸ್ಕ್ರೂ ತಿರುಗಿಸಿದ ದಿನಗಳಲ್ಲಿ ನಾನು ಬೆನ್ನಟ್ಟಿದ್ದು ಈ ವಾಲುವಿಕೆಯನ್ನೇ. ಆದರೆ ಅಲುಗಾಟ ಕಾಲದೊಂದಿಗೆ ಬೆಳೆಯುವುದಿಲ್ಲ. ಸಾವಿರ ಸೆಕೆಂಡ್ ಕಾದರೆ ಇಪ್ಪತ್ತು ನ್ಯಾನೋಸೆಕೆಂಡಿನ ಅನುಮಾನ 0.02 ಪಿಪಿಬಿಗೆ ಇಳಿಯುತ್ತದೆ.

ನಾನು ನಿಜವಾಗಿ ಮೋಸ ಹೋದದ್ದು ಬೇರೆಡೆ. ಮೊದಲ ಸಲ ಸ್ಕ್ರೂ ತಿರುಗಿಸುತ್ತಾ ಹೋದಾಗ ಅಲೆ ಕಲ್ಲಿನಂತೆ ನಿಂತುಬಿಟ್ಟಿತು, ನಾನು ಮುಚ್ಚಳ ಹಾಕಿ ಕಾಫಿಗೆ ಎದ್ದೆ. ಮಾರನೆಯ ದಿನ ಮಾಡ್ಯೂಲಿನಿಂದ 8 ಮೆಗಾಹರ್ಟ್ಸ್ ಹೊರಡಿಸಿ, ಹತ್ತು ಸೆಕೆಂಡಿನ ಗೇಟಿನಲ್ಲಿ ಎಣಿಸಿದಾಗ ಕಂಡದ್ದು 7999999.2. ಎಣಿಕೆ ಕಡಿಮೆ ಬಂತೆಂದರೆ ಕೌಂಟರಿನ ಸೆಕೆಂಡೇ ಚಿಕ್ಕದಾಗಿದೆಯೆಂದು ಅರ್ಥ, ಆಸಿಲೇಟರ್ ಸರಿಯಾಗಿ 1 ಹರ್ಟ್ಸ್ ಹೆಚ್ಚಿತ್ತು. ಸೆಕೆಂಡಿಗೊಮ್ಮೆ ಮಾತ್ರ ನೋಡುವ ಸ್ಕೋಪಿಗೆ, ಆ ನಡುವೆ ಒಂದು ಆವರ್ತ ಹೆಚ್ಚು ಸಾಗಿದ್ದು ಕಾಣುವುದೇ ಇಲ್ಲ. ಅಂದಿನಿಂದ ಮೊದಲು ಎಣಿಕೆಯಲ್ಲಿ ಒರಟಾಗಿ ಹೊಂದಿಸಿ, ಆಮೇಲೆ ಸ್ಕೋಪಿಗೆ ಬರುತ್ತೇನೆ. 10 ಮೆಗಾಹರ್ಟ್ಸ್ ಬಿಟ್ಟು 8 ಆರಿಸಿದ್ದು ಮಾಡ್ಯೂಲಿನ ಒಳಗಡಿಯಾರ 48 ಮೆಗಾಹರ್ಟ್ಸ್ ಆಗಿರುವುದರಿಂದ. ಅದು ಎಂಟರಿಂದ ಶುದ್ಧವಾಗಿ ಭಾಗವಾಗುತ್ತದೆ, ಹತ್ತರಿಂದ ಆಗುವುದಿಲ್ಲ.

ಇನ್ನೊಂದು ಒಗಟು ವಾರಗಟ್ಟಲೆ ಕಾಡಿತು. ಸ್ಕ್ರೂ ಕೈಗೆಟುಕಲೆಂದು ಕೌಂಟರನ್ನು ಪಕ್ಕಕ್ಕೆ ಮಲಗಿಸಿ ಹೊಂದಿಸುತ್ತಿದ್ದೆ. ನೆಟ್ಟಗೆ ನಿಲ್ಲಿಸಿದೊಡನೆ ಒಂದು ಪಿಪಿಬಿಯಷ್ಟು ಬದಲಾಗುತ್ತಿತ್ತು. ಶಾಖವೆಂದು ಭಾವಿಸಿ ಥರ್ಮಾಕೋಲ್ ಸುತ್ತಿದ್ದೂ ವ್ಯರ್ಥವಾಯಿತು. ಕೊನೆಗೆ ಆರು ಮಗ್ಗುಲಿಗೂ ತಿರುಗಿಸಿ ಬರೆದಿಟ್ಟಾಗ, ಹರಳು ಗುರುತ್ವಕ್ಕೆ ಸ್ಪಂದಿಸುತ್ತಿದೆಯೆಂದು ಸ್ಪಷ್ಟವಾಯಿತು. ಈಗ ಬಳಸುವ ಭಂಗಿಯಲ್ಲೇ, ಮುಚ್ಚಳ ಹಾಕಿದ ಸ್ಥಿತಿಯಲ್ಲೇ, ಒಂದು ಸಣ್ಣ ರಂಧ್ರದಿಂದ ಪ್ಲಾಸ್ಟಿಕ್ ಕಡ್ಡಿ ತೂರಿಸಿ ತಿರುಗಿಸುತ್ತೇನೆ.

ಆಮೇಲೆ ಹರಳಿನ ವಯಸ್ಸಿನ ಲೆಕ್ಕ. ಸತತವಾಗಿ ಚಾಲೂ ಇಟ್ಟ ಮೊದಲ ಎರಡು ವಾರ ಫ್ರೀಕ್ವೆನ್ಸಿಯ ಏರಿಕೆ ದಿನಕ್ಕೆ 0.3 ಪಿಪಿಬಿಯಷ್ಟಿತ್ತು, ಮೂರನೆಯ ತಿಂಗಳ ಹೊತ್ತಿಗೆ 0.01ರ ಆಸುಪಾಸಿಗೆ ಬಂತು. ಅದಕ್ಕೆ ಮುನ್ನ ಮಾಡಿದ ಹೊಂದಾಣಿಕೆಗಳೆಲ್ಲ ಹೊಳೆಯಲ್ಲಿ ಹುಣಸೆ ತೊಳೆದಂತಾದವು. ಏರುವ ದಿಕ್ಕು ತಿಳಿದಿದ್ದರಿಂದ ಕೊನೆಯ ಸಲ ಸೊನ್ನೆಗೆ ತರದೆ, ಬೇಕೆಂದೇ ಅರ್ಧ ಪಿಪಿಬಿ ಕೆಳಗೆ, ಅಂದರೆ ಅಲೆ ಬಲಕ್ಕೆ ಇನ್ನೂರು ಸೆಕೆಂಡಿಗೊಂದು ಆವರ್ತ ಸರಿಯುವಂತೆ ಬಿಟ್ಟೆ. ಈ ತಿಂಗಳು ಅದು ಸೊನ್ನೆಯನ್ನು ದಾಟಿ, ಎಡಕ್ಕೆ ನಿಧಾನವಾಗಿ ಹೊರಟಿದೆ.

ಇದೆಲ್ಲಕ್ಕೂ ವೈರಿ ಕರೆಂಟು. ಆರು ಗಂಟೆ ಹೋಗಿ ಬಂದರೆ ಹಿಂದಿನ ನೆಲೆಗೆ ಮರಳಲು ಎರಡು ದಿನ ಹಿಡಿಯುತ್ತಿತ್ತು. ಸುಮಾರು 2,000 ರೂಪಾಯಿಯ ಎರಡು ಬ್ಯಾಟರಿಗಳನ್ನು ಓವನ್ನಿಗಷ್ಟೇ ಜೋಡಿಸಿದ್ದೇನೆ. ಬ್ಯಾಟರಿಗೆ ಬದಲಾಗುವಾಗ ವೋಲ್ಟೇಜ್ ಜಿಗಿಯದಂತೆ ಮಾಡಿದ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಆ ಹಿರಿಯರ ಕೌಂಟರ್ ಈಗ ನನ್ನ ಮೇಜಿನ ಮೇಲಿದೆ. ಇಂದಿಗೆ ಹತ್ತನೆಯ ದಿನ, ಅದರ ಸ್ಕ್ರೂವನ್ನು ನಾನಿನ್ನೂ ಮುಟ್ಟಿಲ್ಲ, ಅವರು ಮಾತ್ರ ದಿನಾ ಫೋನ್ ಮಾಡಿ "ಆಯಿತೇ?" ಎಂದು ಕೇಳುತ್ತಿದ್ದಾರೆ.