ಒಂದೇ ಡಬ್ಬ ಹೆಚ್ಚಾದಾಗ ಕಾರ್ಖಾನೆ ಏಕೆ ಗಾಬರಿಯಾಗುತ್ತದೆ?

ಗಿರಾಕಿಯ ಬೇಡಿಕೆ ತುಸು ಅಲುಗಿದರೂ ಸರಬರಾಜು ಸರಪಳಿಯ ತುದಿಯಲ್ಲಿರುವ ಕಾರ್ಖಾನೆ ಜೋರಾಗಿ ತೂಗಾಡುತ್ತದೆ. ಚಾಟಿಯ ಹಿಡಿ ಅಲುಗಿಸಿದರೆ ತುದಿ ಬೀಸುವ ಹಾಗೆ. ಇದೇ ಬುಲ್‌ವಿಪ್ ಪರಿಣಾಮ. ತರಗತಿಯಲ್ಲೇ ಆಡಿ ನೋಡಬಹುದು; ಬೇಕಿರುವುದು ಬೆಂಕಿಕಡ್ಡಿ ಮತ್ತು ಚೀಟಿಗಳು ಮಾತ್ರ.

ನಾಲ್ವರನ್ನು ಸಾಲಾಗಿ ಕೂರಿಸಿ: ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಒಂದು ಕಡ್ಡಿ ಎಂದರೆ ಒಂದು ಡಬ್ಬ ಬಿಸ್ಕತ್ತು. ಪ್ರತಿಯೊಬ್ಬರ ಮುಂದೆ 4 ಕಡ್ಡಿ ಇಡಿ. ಗಿರಾಕಿಯ ಚೀಟಿಯನ್ನು ಮೇಷ್ಟ್ರು ಅಂಗಡಿಗೆ ಮಾತ್ರ ತೋರಿಸಬೇಕು. ಉಳಿದವರಿಗೆ ಪಕ್ಕದವರ ಆರ್ಡರ್ ಚೀಟಿಯಷ್ಟೇ ಕಾಣುತ್ತದೆ, ಮಾತಾಡುವಂತಿಲ್ಲ. ನಿಯಮ ಒಂದೇ: ಈ ವಾರ ಎಷ್ಟು ಕೇಳಿದರೋ ಅಷ್ಟು ಕೊಟ್ಟು, ವಾರದ ಕೊನೆಗೆ ಅಷ್ಟೇ ದಾಸ್ತಾನು ಉಳಿಸಿಕೊಳ್ಳಬೇಕು. ಸದ್ಯಕ್ಕೆ, ತರಿಸಿದ ಸರಕು ಅದೇ ವಾರ ಬರುತ್ತದೆ ಎಂದಿಟ್ಟುಕೊಳ್ಳಿ.

ವಾರಕ್ಕೆ 4 ಡಬ್ಬ ಕೇಳುತ್ತಿದ್ದ ಗಿರಾಕಿ ಈಗ 5 ಕೇಳಿದ. ಅಂಗಡಿ 5 ಕೊಡಬೇಕು, 5 ಉಳಿಸಬೇಕು, ಕೈಯಲ್ಲಿರುವುದು 4. ಹಾಗಾಗಿ 6ಕ್ಕೆ ಆರ್ಡರ್. ಸಗಟು ವ್ಯಾಪಾರಿಗೆ ಕಾಣುವುದು ಆ 6 ಮಾತ್ರ: ಆರೂ ಆರೂ ಹನ್ನೆರಡು, ಇರುವ 4 ಕಳೆದರೆ 8. ವಿತರಕ ಇದೇ ಲೆಕ್ಕದಲ್ಲಿ 12 ಕೇಳುತ್ತಾನೆ. ಕಾರ್ಖಾನೆ 20 ತಯಾರಿಸುತ್ತದೆ! ಲೆಕ್ಕ ಯಾರದೂ ತಪ್ಪಿಲ್ಲ.

ಮುಂದಿನ ವಾರ ಗಿರಾಕಿ ಮತ್ತೆ 5 ಕೇಳುತ್ತಾನೆ, ಅಂಗಡಿ 5 ತರಿಸುತ್ತದೆ. ಸಗಟು ವ್ಯಾಪಾರಿಯ ಬಳಿ ಆಗಲೇ 6 ಇರುವುದರಿಂದ ಅವನಿಗೆ 4 ಸಾಕು. ವಿತರಕನ ಬಳಿ 8 ಇದೆ. 4 ಕೊಟ್ಟು 4 ಉಳಿಸಿದರೆ ಸರಿಹೋಯಿತು, ಅವನ ಆರ್ಡರ್ ಸೊನ್ನೆ. ಹಿಂದಿನ ವಾರ 20 ಡಬ್ಬ ಮಾಡಿದ ಕಾರ್ಖಾನೆ 12 ಡಬ್ಬ ದಾಸ್ತಾನಿಟ್ಟುಕೊಂಡು ಬಾಗಿಲು ಹಾಕುತ್ತದೆ.

ಈಗ ಮೊದಲಿನಿಂದ ಆಡಿಸಿ, ಆದರೆ ಗಿರಾಕಿಯ ಚೀಟಿ ಬೋರ್ಡಿನ ಮೇಲಿರಲಿ. ಪಕ್ಕದವರು ಕೇಳಿದಷ್ಟು ಕೊಟ್ಟರೂ, ಉಳಿಸಿಕೊಳ್ಳುವುದು ಗಿರಾಕಿಯ ಲೆಕ್ಕದ 5 ಮಾತ್ರ. ಆರ್ಡರ್‌ಗಳು 6, 7, 8, 9 ಆಗುತ್ತವೆ. ಮರುವಾರ ಎಲ್ಲರದೂ 5. ಏರಿಕೆ ಪೂರ್ತಿ ಮಾಯವಾಗಲಿಲ್ಲ, ಗಮನಿಸಿ. ನಾಲ್ಕು ಕಡೆಯೂ ದಾಸ್ತಾನು ಒಂದೊಂದು ಡಬ್ಬ ಹೆಚ್ಚಲೇಬೇಕಲ್ಲ!

ಕೊನೆಗೆ ಸರಕು ತಲುಪಲು ಎರಡು ವಾರ ತಡವೆಂದು ಸೇರಿಸಿ. ಅಸಲಿ ಕಷ್ಟ ಇಲ್ಲಿದೆ: ಹಿಂದೆ ಕಳಿಸಿದ ಆರ್ಡರ್ ದಾರಿಯಲ್ಲಿರುವುದನ್ನು ಮರೆತು ಆಟಗಾರರು ಮತ್ತೆ ಆರ್ಡರ್ ಮಾಡುತ್ತಾರೆ. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ 'ಬಿಯರ್ ಗೇಮ್' ಇದೇ ತಡವನ್ನು ಇಟ್ಟುಕೊಂಡ ಆಟ. ಅಲ್ಲಿ ಗಿರಾಕಿಯ ಬೇಡಿಕೆ ಒಮ್ಮೆ ಮಾತ್ರ 4ರಿಂದ 8ಕ್ಕೆ ಏರಿ ಅಲ್ಲೇ ನಿಲ್ಲುತ್ತದೆ. ಆಟ ಮುಗಿದ ಮೇಲೆ ಗಿರಾಕಿಯ ಬೇಡಿಕೆಯ ನಕ್ಷೆ ಬರೆಯಲು ಹೇಳಿದರೆ, ಕಾರ್ಖಾನೆಯ ಕಡೆ ಕೂತವರು ಸಾಮಾನ್ಯವಾಗಿ ದೊಡ್ಡ ಏರಿಳಿತ ಬರೆಯುತ್ತಾರೆ. ನಿಮ್ಮ ತರಗತಿಯಲ್ಲೂ ಬರೆಸಿ, ಆಮೇಲೆ ಚೀಟಿಗಳನ್ನು ತೆರೆಯಿರಿ.